ಬರೆಯದೆ ಬಿಟ್ಟ ಸಾಲು

ಗೋಕಾಕದ ಕೋರ್ಟಿನ ಹಿಂದಿನ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ಯಾರನ್ನಾದರೂ ಹುಡುಕಬೇಕೆಂದರೆ ಕಸ್ತೂರಿಯ ಖಾನಾವಳಿಗೆ ಹೋದರೆ ಸಾಕು. ವಾದಿ, ಪ್ರತಿವಾದಿ, ಇಬ್ಬರ ವಕೀಲರು, ಸಾಕ್ಷಿ ಹೇಳಲು ಬಂದವನು, ಹೇಳದೆ ತಪ್ಪಿಸಿಕೊಂಡವನು, ಎಲ್ಲರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಬುಟ್ಟಿಯ ರೊಟ್ಟಿ ಮುರಿಯುತ್ತಿರುತ್ತಾರೆ. ನ್ಯಾಯಾಲಯದಲ್ಲಿ ಹಾವು ಮುಂಗುಸಿಯಂತೆ ಇರುವವರು ಶೇಂಗಾ ಚಟ್ನಿಯ ಬಟ್ಟಲನ್ನು ಒಬ್ಬರಿಗೊಬ್ಬರು ದಾಟಿಸುವುದನ್ನು ನೋಡಿ ಕಸ್ತೂರಿಗೆ ನಗು ಬರುತ್ತಿತ್ತು. ತನಗೂ ಒಂದು ತಂಟೆ ಬರುತ್ತದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಅವಳು ಹುಕ್ಕೇರಿ ತಾಲೂಕಿನ ದಡ್ಡಿಯ ಕುರುಬರ ಮನೆಯ ಹೆಣ್ಣು. ಗಂಡ ಮಾಳಪ್ಪ ವರ್ಷದಲ್ಲಿ ಹೆಚ್ಚು ಕಾಲ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಇವತ್ತು ಯಾವ ಹೊಲದಲ್ಲಿ ಕುರಿ ನಿಲ್ಲಿಸಿದ್ದಾನೆಂದು ತಿಳಿಯಬೇಕಾದರೆ ಫೋನು ಹತ್ತಬೇಕು. ಅವನು ತರುವ ದುಡ್ಡು ಮಳೆಯ ಹಾಗೆ, ಬಂದರೆ ಬಂತು. ಮನೆ ನಡೆದದ್ದು, ಇಬ್ಬರು ಮಕ್ಕಳು ಶಾಲೆಗೆ ಹೋದದ್ದು ಕಸ್ತೂರಿಯ ರೊಟ್ಟಿಯಿಂದ. ಆ ರೊಟ್ಟಿ ಬೇಯುತ್ತಿದ್ದದ್ದು ವೀರಪ್ಪನವರ ಕಟ್ಟಡದ ಕೆಳಗಿನ ಅಂಗಡಿಯಲ್ಲಿ.

ವೀರಪ್ಪ ಬೆಲ್ಲದ ವ್ಯಾಪಾರಿ. ಅಂಗಡಿ ಮೂಡಲಗಿಯಲ್ಲಿ, ಮನೆ ಗೋಕಾಕದಲ್ಲಿ, ಮಗಳನ್ನು ಕೊಟ್ಟದ್ದು ಹುಕ್ಕೇರಿಗೆ. ಹಣೆಗೆ ವಿಭೂತಿ, ಬಾಯಲ್ಲಿ ಸಿಹಿ, ಕೈ ಮಾತ್ರ ಬಿಗಿ. ಬೆಲ್ಲದ ಪೆಂಟಿಯ ತೂಕವನ್ನು ಕಣ್ಣಿನಲ್ಲೇ ಹೇಳಬಲ್ಲ ಮನುಷ್ಯ ಕಾಗದ ಕಂಡರೆ ಮಾತ್ರ ಹಿಂದೆ ಸರಿಯುತ್ತಿದ್ದ. ಬರೆದರೆ ಸಿಕ್ಕಿಬಿದ್ದೆ ಎನ್ನುವುದು ಅವನು ಅಪ್ಪನಿಂದ ಕಲಿತ ವ್ಯಾಪಾರದ ಮೊದಲ ಪಾಠ. ಸಂತೆಯಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದ ಕಾಲದ ಮನೆತನ ಅದು.

ಖಾನಾವಳಿ ಹಾಕುವಾಗ ಕಸ್ತೂರಿಗೆ ಮಹಿಳಾ ಸಂಘದ ಜಾಮೀನಿನ ಮೇಲೆ ಬ್ಯಾಂಕಿನ ಸಾಲ ಬೇಕಾಗಿತ್ತು. ಬ್ಯಾಂಕಿನವರು, ಹನ್ನೊಂದು ತಿಂಗಳ ಸಾದಾ ಬಾಂಡು ನಡೆಯುವುದಿಲ್ಲ, ಮೂರು ವರ್ಷದ ನೋಂದಣಿ ಮಾಡಿಸಿದ ಬಾಡಿಗೆ ಕರಾರು ತಾ ಎಂದರು. ವೀರಪ್ಪ ಮುಖ ಹುಳ್ಳಗೆ ಮಾಡಿಕೊಂಡರೂ ಒಪ್ಪಿದ. ವರ್ಷಗಟ್ಟಲೆ ಖಾಲಿ ಬಿದ್ದು ಇಲಿ ಓಡಾಡುತ್ತಿದ್ದ ಅಂಗಡಿ ಅದು. ಇಬ್ಬರೂ ನೋಂದಣಿ ಕಚೇರಿಯ ಎದುರಿಗೆ ಕೂರುವ ಬಾಂಡ್ ರೈಟರ್ ಶಿದ್ಲಿಂಗಪ್ಪನ ಬಳಿ ಹೋದರು.

ಶಿದ್ಲಿಂಗಪ್ಪ ಎಂದಿನಂತೆ ತನ್ನ ಹಳೆಯ ಮಾದರಿಯನ್ನೇ ಗಟ್ಟಿಯಾಗಿ ಓದಿದ. ಬಾಡಿಗೆ ತಿಂಗಳಿಗೆ ಒಂಬತ್ತು ಸಾವಿರ. ಅಂಗಡಿಯಲ್ಲಿ ಮಾಂಸ ಬೇಯಿಸತಕ್ಕದ್ದಲ್ಲ. ಸತತ ಎರಡು ತಿಂಗಳ ಬಾಡಿಗೆ ಬಾಕಿ ಉಳಿದರೆ ಕರಾರು ರದ್ದಾಗಿ ಅಂಗಡಿ ಬಿಡತಕ್ಕದ್ದು. ವರ್ಷಕ್ಕೊಮ್ಮೆ ಬಾಡಿಗೆಯನ್ನು ನೂರಕ್ಕೆ ಐದರಂತೆ ಹೆಚ್ಚಿಸತಕ್ಕದ್ದು. ಈ ಕೊನೆಯ ಸಾಲು ಬಂದಾಗ ವೀರಪ್ಪ ಕೈ ಎತ್ತಿದ. ಆ ಸಾಲನ್ನು ತೆಗೆದುಬಿಡಿ ಎಂದ. ಶಿದ್ಲಿಂಗಪ್ಪ ಕನ್ನಡಕದ ಮೇಲಿಂದ ನೋಡಿ, ಖರೇನಾ ಎಂದು ಎರಡು ಸಲ ಕೇಳಿ ತೆಗೆದ. ಕಸ್ತೂರಿಯ ಕಣ್ಣಲ್ಲಿ ನೀರೇ ಬಂತು. ಹೆಚ್ಚಿಗೆ ಬೇಡವೆನ್ನುವ ಮಾಲಕ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ? ದಡ್ಡಿಗೆ ಹೋದಾಗ ಮನೆಮನೆಗೆ ಹೇಳಿಕೊಂಡು ಬಂದಳು, ನಮ್ಮ ಮಾಲಕ ದೇವರಂಥ ಮನುಷ್ಯ ಎಂದು.

ದೇವರ ಲೆಕ್ಕ ಬೇರೆಯೇ ಇತ್ತು. ಐದು ಎಂದು ಬರೆದರೆ ಐದೇ ಸಿಗುತ್ತದೆ. ಬರೆಯದಿದ್ದರೆ ಎಷ್ಟು ಬೇಕಾದರೂ ಕೇಳಬಹುದು. ವೀರಪ್ಪ ಆ ಸಾಲನ್ನು ತೆಗೆಸಿದ್ದು ಅದಕ್ಕಾಗಿ.

ಕರಾರಾಗಿ ವರ್ಷದ ಮೇಲೆ ಒಂದೆರಡು ತಿಂಗಳು ಕಳೆದಿತ್ತು. ಓಣಿಯ ರಸ್ತೆ ಅಗಲವಾಗಿ, ಮೂಲೆಗೊಂದು ಬ್ಯಾಂಕು ಬಂದು, ಮೊಬೈಲ್ ಅಂಗಡಿಯವನೊಬ್ಬ ವೀರಪ್ಪನ ಹಿಂದೆ ಬಿದ್ದಿದ್ದ. ಒಂದು ದಿನ ಊಟದ ಗದ್ದಲದಲ್ಲೇ ವೀರಪ್ಪ ದುಡ್ಡಿನ ಗಲ್ಲೆಯ ಪಕ್ಕಕ್ಕೆ ಬಂದು ನಿಂತು, ಹವೆಯ ಮಾತಾಡಿದ, ಮಕ್ಕಳ ಯೋಗಕ್ಷೇಮ ಕೇಳಿದ, ಕೊನೆಗೆ ಹೋಗುವಾಗ ಚಪ್ಪಲಿ ಮೆಟ್ಟುತ್ತ ಬರುವ ತಿಂಗಳಿಂದ ಬಾಡಿಗೆ ಹದಿನಾಲ್ಕು ಸಾವಿರ ಎಂದ.

ಕಸ್ತೂರಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಕಾಕಾರ, ಮೂರು ವರ್ಷಕ್ಕ ಒಂಬತ್ತ ಅಂತ ಕಾಗದದಾಗ ಐತೆಲ್ರಿ," ಎಂದಳು.

"ಐತಿ. ಆದ್ರ ಹೆಚ್ಚ ಮಾಡಬಾರದು ಅಂತ ಎಲ್ಲೈತಿ, ತೋರ್ಸು," ಎಂದು ವೀರಪ್ಪ ನಕ್ಕ. "ಹೆಚ್ಚಳದ ಸುದ್ದೀನ ಅದರಾಗಿಲ್ಲ, ತಂಗಿ. ನಾನ ತಗಿಸೇನಿ."

ಅವಳಿಗೆ ಆಗ ತಿಳಿಯಿತು. ತಿಳಿದ ಕೂಡಲೇ ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ತಾನು ದಡ್ಡಿಯ ತುಂಬ ಹೊಗಳಿ ಬಂದದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಖಾನಾವಳಿಯನ್ನು ಎತ್ತಿಕೊಂಡು ಹೋಗುವುದೆಂದರೆ ಟ್ರಂಕು ಎತ್ತಿಕೊಂಡು ಹೋದಂತಲ್ಲ. ಹಿಂದಿನ ಕೋಣೆಯಲ್ಲಿ ಪಕ್ಕಾ ಇಟ್ಟಿಗೆಯ ನಾಲ್ಕು ಒಲೆಗಳನ್ನು ಸಾಲಾಗಿ ಕಟ್ಟಿಸಿ, ಹೊಗೆ ಹೋಗಲು ಮಾಳಿಗೆಯ ಮೇಲಿನವರೆಗೆ ತಗಡಿನ ಕೊಳವೆ ಹಾಕಿಸಿದ್ದಳು. ಬ್ಯಾಂಕಿನ ಸಾಲದ ಮುಕ್ಕಾಲು ಪಾಲು ಆ ಒಲೆಗಳಲ್ಲಿತ್ತು. ನಗರಸಭೆಯ ಲೈಸನ್ಸು ಈ ಅಂಗಡಿಯ ನಂಬರಿನ ಮೇಲಿತ್ತು. ಗಿರಾಕಿಗಳು ಕೋರ್ಟಿನವರು, ಕೋರ್ಟು ಅವಳ ಹಿಂದೆ ಬೇರೆ ಓಣಿಗೆ ಬರುವುದಿಲ್ಲ. ಹದಿನಾಲ್ಕು ಕೊಟ್ಟರೆ ಬ್ಯಾಂಕಿನ ಕಂತು ತಪ್ಪುತ್ತದೆ, ಬಿಟ್ಟು ಹೋದರೆ ಒಲೆಗಳೇ ಹೋಗುತ್ತವೆ. ಅತ್ತ ದರಿ, ಇತ್ತ ಪುಲಿ. ನಾಲ್ಕನೆಯ ಒಲೆ ಬಿರುಕು ಬಿಟ್ಟು ಹೊಗೆ ಕಾರುತ್ತಿತ್ತು. ಅದನ್ನು ರಿಪೇರಿ ಮಾಡಲು ಹೇಳಿದ್ದ ಗಾರೆ ಕೆಲಸದ ಗೌಂಡಿಗೆ ಸದ್ಯ ಬರಬೇಡ ಎಂದು ಹೇಳಿ ಕಳಿಸಿದಳು.

ತಿಂಗಳು ಹುಟ್ಟಿತು. ಎಂದಿನಂತೆ ಕಸ್ತೂರಿ ಒಂಬತ್ತು ಸಾವಿರವನ್ನು ವೀಳ್ಯದೆಲೆಯ ಮೇಲಿಟ್ಟು ಮಾಲಕನ ಮನೆಗೆ ಒಯ್ದಳು. ಬಾಡಿಗೆಯನ್ನು ಕೈಯಿಂದ ಕೈಗೇ ಕೊಡುವುದು ಅವರಲ್ಲಿ ನಡೆದುಬಂದ ರೀತಿ. ರೊಕ್ಕ ಮುಟ್ಟಿತೆಂಬ ಪಾವತಿ ಚೀಟಿ ಗೀಟಿ ಅವಳು ಕೇಳಿರಲಿಲ್ಲ, ಅವನೂ ಕೊಟ್ಟಿರಲಿಲ್ಲ. ಮನೆಯವರಂತೆ ಇದ್ದವರ ನಡುವೆ ಪಾವತಿ ಕೇಳುವುದು ಮುಖಕ್ಕೆ ಹೊಡೆದಂತೆ. ವೀರಪ್ಪ ಎಲೆಯನ್ನೂ ನೋಟನ್ನೂ ನೋಡಿ, ಪೂರ್ತಿ ಆದಮೇಲೆ ತಾ ಎಂದು ಎದ್ದುಹೋದ. ಹೆಂಡತಿ ಅಕ್ಕವ್ವ ಚಹಾ ತಂದು ಕೊಟ್ಟಳು. ಕಸ್ತೂರಿ ಚಹಾ ಕುಡಿದು, ರೊಕ್ಕ ಸೆರಗಿಗೆ ಕಟ್ಟಿಕೊಂಡು ವಾಪಸು ಬಂದಳು.

ಮರುವಾರ ಹೋದರೆ ಅವನು ಮನೆಯಲ್ಲಿಲ್ಲ. ಅದರ ಮರುವಾರವೂ ಇಲ್ಲ. ಅಷ್ಟರಲ್ಲಿ ಬೋರಿನ ಮೋಟರು ಸುಟ್ಟಿತು ಎಂದು ಅಂಗಡಿಗೆ ನೀರು ನಿಂತಿತು. ಮಾಳಿಗೆಯ ಮೇಲಿನ ಬಾಡಿಗೆದಾರನ ನಳದಲ್ಲಿ ಮಾತ್ರ ಅದೇ ಬೋರಿನ ನೀರು ಧೋ ಎಂದು ಸುರಿಯುತ್ತಿತ್ತು. ರೊಟ್ಟಿ ಬಡಿಯುವ ಸಾತವ್ವ ಕೊಡ ಹೊತ್ತು ತಂದು ತಂದು ಸೊಂಟ ಹಿಡಿದುಕೊಂಡಳು. ಕೊಟ್ಟು ಬಿಡು, ದೊಡ್ಡವರ ಸಂಗಡ ಹಟ ಯಾಕೆ ಎಂದು ಮಾಳಪ್ಪ ಫೋನಿನಲ್ಲಿ ಹೇಳಿದ. ಅವನ ಮಾತಿನ ಹಿಂದೆ ಕುರಿಗಳು ಅರಚುತ್ತಿದ್ದವು. ಗಂಡನೂ ಕುರಿಯೂ ಒಂದೇ ಸ್ವರದಲ್ಲಿ ಮಾತಾಡಿದಂತೆ ಕೇಳಿಸಿ ಕಸ್ತೂರಿ ಫೋನಿಟ್ಟಳು.

ಆ ದಿನ ಅವಳು ಟ್ರಂಕಿನಿಂದ ಕರಾರು ತೆಗೆದು, ಏಳನೆಯ ತರಗತಿಯವರೆಗೆ ಓದಿದ ಅಕ್ಷರಗಳನ್ನೆಲ್ಲ ಒಟ್ಟುಮಾಡಿಕೊಂಡು ಓದಿದಳು. ಸತತ ಎರಡು ತಿಂಗಳ ಬಾಕಿ ಎಂಬ ಸಾಲಿಗೆ ಬಂದಾಗ ಬೆರಳಿಟ್ಟು ಇನ್ನೊಮ್ಮೆ ಓದಿದಳು. ವೀರಪ್ಪ ಯಾಕೆ ಸಿಗುತ್ತಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು. ಅವನು ಬಾಡಿಗೆಯನ್ನು ತೆಗೆದುಕೊಳ್ಳದೆ ಇದ್ದುಬಿಟ್ಟರೆ ಸಾಕು, ಅವಳು ಬಾಕಿದಾರಳಾಗುತ್ತಾಳೆ. ಕೊಡಲು ಬಂದವಳನ್ನೇ ಕೊಡದವಳನ್ನಾಗಿ ಮಾಡುವ ಉಪಾಯ.

ಎರಡನೆಯ ತಿಂಗಳು ಹುಟ್ಟಿದ ದಿನವೇ ಎರಡೂ ತಿಂಗಳ ರೊಕ್ಕ ಕಟ್ಟಿಕೊಂಡು ಮೂಡಲಗಿಯ ಬಸ್ಸು ಹತ್ತಿದಳು. ಕಂಡಕ್ಟರು ಹೆಣ್ಣುಮಕ್ಕಳ ಸೊನ್ನೆ ಟಿಕೀಟು ಹರಿದುಕೊಟ್ಟ. ಈ ಲೋಕದಲ್ಲಿ ದರ ಏರದೆ ಉಳಿದದ್ದು ಇದೊಂದೇ ಎಂದುಕೊಂಡಳು. ಮೂಡಲಗಿಯ ಅಂಗಡಿಯಲ್ಲಿ ಬೆಲ್ಲದ ನೊಣಗಳಿದ್ದವು, ಗುಮಾಸ್ತನಿದ್ದ, ವೀರಪ್ಪನಿರಲಿಲ್ಲ. ಮಾಲಕರು ಮಗಳ ಮನೆಗೆ ಹೋಗಿದ್ದಾರೆ, ಮೊಮ್ಮಗನಿಗೆ ತೊಟ್ಟಿಲು ಎಂದ ಗುಮಾಸ್ತ. ಅವನ ಕೈಗೆ ರೊಕ್ಕ ಕೊಡಲು ಹೋದರೆ ಹಾವು ಕಂಡವನಂತೆ ಕೈ ಹಿಂದೆ ಎಳೆದುಕೊಂಡ. ಹೇಳಿ ಇಟ್ಟಿದ್ದರು ಎಂಬುದು ಸ್ಪಷ್ಟವಾಗಿತ್ತು.

ಮರುದಿನ ಹುಕ್ಕೇರಿಗೆ ಹೋದಳು. ಮಗಳ ಮನೆಯ ಮುಂದೆ ಹಂದರ, ಒಳಗೆ ಜೋಗುಳ. ವೀರಪ್ಪ ಹೊಸ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದ. ಈ ಸಲ ಓಡಿಹೋಗಲಿಲ್ಲ. ಅಗದೀ ಪ್ರೀತಿಯಿಂದ, ಬಾರಮ್ಮ ಬಾ, ನಮ್ಮ ಕಸ್ತೂರಿ ದೂರದಿಂದ ಬಂದಿದ್ದಾಳೆ ನೋಡಿರಿ ಎಂದು ಬೀಗರೆದುರು ಬರಮಾಡಿಕೊಂಡ. ಅವಳು ಸೆರಗಿನ ಗಂಟಿಗೆ ಕೈ ಹಾಕಿದ್ದೇ ತಡ, ಅವನು ದನಿ ತಗ್ಗಿಸಿ ನಗುತ್ತಲೇ ಅಂದ: "ಶುಭಕಾರ್ಯದಾಗ ರೊಕ್ಕದ ಮಾತ ಆಡಬಾರದವ್ವಾ. ಕೂಸಿಗೆ ಚಲೋ ಅಲ್ಲ."

ಕೂಸಿನ ಹೆಸರು ಹೇಳಿದ ಮೇಲೆ ಯಾವ ತಾಯಿ ಬಾಯಿ ತೆರೆಯುತ್ತಾಳೆ? ಅವಳನ್ನು ಹೆಂಗಸರ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು, ತುಪ್ಪ ಸುರಿದರು. ಅಕ್ಕವ್ವ ಕುಂಕುಮ ಹಚ್ಚಿ, ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ ಹಾಕಿ ಉಡಿ ತುಂಬಿದಳು. ಮನೆಯ ಮಗಳಿಗೆ ಮಾಡುವ ಹಾಗೆ ಮಾಡಿ, ಬಾಡಿಗೆಯನ್ನು ಮುಟ್ಟದೆ ಕಳಿಸಿದರು. ವಾಪಸು ಬಸ್ಸಿನಲ್ಲಿ ಉಡಿಯ ಅಕ್ಕಿ ಹಿಡಿದುಕೊಂಡು ಕುಳಿತ ಕಸ್ತೂರಿಗೆ ಅಳು ಬಂತು. ಬೈದು ಕಳಿಸಿದ್ದರೆ ಬೈದು ಬರುತ್ತಿದ್ದಳು. ಉಡಿ ತುಂಬಿ ಕಳಿಸಿದವರ ಸಂಗಡ ಜಗಳ ಹೇಗೆ ಆಡುವುದು? ಘಟಪ್ರಭೆ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಮರುದಿನ ಊಟದ ಹೊತ್ತು ಮುಗಿದ ಮೇಲೆ ದಾನೇಶ್ವರಿ ವಕೀಲರು ಒಬ್ಬರೇ ಕೈ ತೊಳೆಯುತ್ತಿದ್ದರು. ತಿಂಗಳ ಲೆಕ್ಕದಲ್ಲಿ ಊಟ ಮಾಡುವ ಗಿರಾಕಿ. ಕಸ್ತೂರಿ ಕಾಗದ ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವರು ಮೊದಲ ಪುಟದಿಂದ ಕೊನೆಯ ಸಹಿಯವರೆಗೆ ಓದಿ, ಇಷ್ಟು ದಿನ ಪಾವತಿ ಇಲ್ಲದೆ ಕೊಟ್ಟಿರಲ್ಲ ಎಂದು ಮೊದಲು ಬೈದರು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಬಾಡಿಗೆ ಒಂಬತ್ತು ಎಂದು ಬರೆದ ಮೇಲೆ ಅವಧಿ ಮುಗಿಯುವವರೆಗೆ ಒಂಬತ್ತೇ. ಹೆಚ್ಚಿಸಬಾರದು ಎಂದು ಬೇರೆ ಬರೆಯಬೇಕಾಗಿಲ್ಲ. ಹೆಚ್ಚಿಸಬಹುದು ಎಂದು ಬರೆದಿದ್ದರೆ ಮಾತ್ರ ಹೆಚ್ಚಿಸಬಹುದು. ಇದು ನೋಂದಣಿ ಆದ ಕಾಗದ, ಇದನ್ನು ಬದಲಿಸಲು ಇಬ್ಬರೂ ಒಪ್ಪಿ ಇನ್ನೊಂದು ಕಾಗದ ನೋಂದಣಿ ಮಾಡಿಸಬೇಕು. ಗಲ್ಲೆಯ ಪಕ್ಕ ನಿಂತು ಹೇಳಿದ ಮಾತಿನಿಂದ ಅದು ಬದಲಾಗುವುದಿಲ್ಲ.

"ಮತ್ತ ಎರಡ ತಿಂಗಳ ಬಾಕಿ ಅಂದ್ರ?"

"ನೀವು ಕೊಡಾಕ ಹೋಗೀರಿ, ಅವರು ಒಲ್ಲೆ ಅಂದಾರ. ಅದು ಬಾಕಿ ಅಲ್ರಿ ಅಕ್ಕಾರ. ಆದ್ರ ಕೊಡಾಕ ಹೋಗಿದ್ರಿ ಅನ್ನೋದಕ್ಕ ನಿಮ್ಮ ಕಡೆ ಏನೂ ಪುರಾವೆ ಇಲ್ಲ. ಉಡಿ ಅಕ್ಕಿ ತೋರಿಸಿದ್ರ ಕೋರ್ಟ್ ನಂಬಾಂಗಿಲ್ಲ."

ಬ್ಯಾಂಕಿಗೆ ಹಾಕೋಣವೆಂದರೆ ವೀರಪ್ಪನ ಖಾತೆಯ ನಂಬರು ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಮನಿಆರ್ಡರು ಮಾಡಿ ಎಂದರು ವಕೀಲರು. ಒಂದು ಫಾರ್ಮಿನಲ್ಲಿ ಐದು ಸಾವಿರದ ಮೇಲೆ ಹೋಗುವುದಿಲ್ಲ, ಆದ್ದರಿಂದ ಎರಡು ತಿಂಗಳಿಗೆ ನಾಲ್ಕು ಫಾರ್ಮು. ಪೋಸ್ಟಿನವನು ಗೊಣಗಿದರೆ ಗೊಣಗಲಿ. ಹೆಚ್ಚಿಗೆ ಒಂದು ರೂಪಾಯಿಯನ್ನೂ, ಖುಷಿಗೆ ಎಂದೂ, ಹಬ್ಬಕ್ಕೆ ಎಂದೂ ಕೊಡಬೇಡಿ; ಕೊಟ್ಟರೆ ಒಪ್ಪಿಕೊಂಡೆ ಎಂದು ತಂಟೆ ತೆಗೆಯುತ್ತಾರೆ. ತಾವು ಒಂದು ನೋಟಿಸು ಬರೆಯುವುದಾಗಿ ಹೇಳಿದರು: ಬಾಡಿಗೆ ತೆಗೆದುಕೊಳ್ಳಿ ಇಲ್ಲವೆ ಖಾತೆ ನಂಬರು ಕೊಡಿ, ನೀರು ಬಿಡಿ, ಬಿಡದಿದ್ದರೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರುತ್ತೇವೆ.

ಕಸ್ತೂರಿಗೆ ಹೋದ ಜೀವ ಬಂದಂತಾಯಿತು. ಎದ್ದು ಹೋಗುವಾಗ ಅವರೇ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು. "ಆದ್ರ ಅವಧಿ ಮುಗದ ಮ್ಯಾಲ ನಾನೂ ಏನೂ ಮಾಡಾಕ ಬರಂಗಿಲ್ರಿ. ಅವರು ಮತ್ತ ಬರದ ಕೊಟ್ರ ಉಂಟು, ಇಲ್ಲಂದ್ರ ಬಿಡಬೇಕಾಕ್ಕತಿ. ಅದೂ ಇದ ಕಾಗದದಾಗ ಐತಿ." ಆ ಮಾತನ್ನು ಕಸ್ತೂರಿ ಕೇಳಿದಳು, ಕೇಳಿಯೂ ಆ ಹೊತ್ತಿಗೆ ಬದಿಗಿಟ್ಟಳು.

ನಾಲ್ಕೂ ಮನಿಆರ್ಡರುಗಳು ಹೋದಂತೆಯೇ ತಿರುಗಿ ಬಂದವು. 'ಸ್ವೀಕರಿಸಲು ನಿರಾಕರಿಸಿದ್ದಾರೆ' ಎಂದು ಬರೆಸಿಕೊಂಡು ಬಂದ ಆ ಚೀಟಿಗಳನ್ನು ವಕೀಲರು ಖುಷಿಯಿಂದ ಫೈಲಿಗೆ ಹಾಕಿದರು. ನೋಟಿಸು ವೀರಪ್ಪನ ಕೈ ಸೇರಿದ ದಿನವೇ ಮೋಟರು ತನ್ನಷ್ಟಕ್ಕೆ ತಾನೇ ರಿಪೇರಿಯಾಗಿ ನೀರು ಬಂತು. ಅದರ ಹಿಂದೆಯೇ ಉದ್ದಪ್ಪನವರಿಂದ ಕರೆ ಬಂತು.

ಉದ್ದಪ್ಪ ಅರಿವೆ ಅಂಗಡಿಯ ಹಿರಿಯ. ಆ ಓಣಿಯ ತಂಟೆಗಳು ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಅವನ ಗಾದಿಯ ಮುಂದೆ ಒಂದು ಸಲ ಕೂರಲೇಬೇಕು. ಹೋಗಿ ಬನ್ನಿ, ಚಹಾ ಕುಡಿಯಿರಿ, ಬಾಯಿಮಾತಿನಲ್ಲಿ ಮಾತ್ರ ಏನೂ ಒಪ್ಪಬೇಡಿ ಎಂದು ವಕೀಲರು ಹೇಳಿ ಕಳಿಸಿದರು. ಗೌಂಡಿಯೂ ಅದೇ ದಿನ ಫೋನು ಮಾಡಿದ್ದ. ಬಂದು ಕಾಯುತ್ತಿರು, ಇವತ್ತು ಒಂದು ತೀರ್ಮಾನ ಆಗುತ್ತದೆ ಎಂದು ಅವನಿಗೆ ಹೇಳಿ ಕಸ್ತೂರಿ ಹೋದಳು. ಹೋಗುವಾಗ ಎರಡು ತಿಂಗಳ ರೊಕ್ಕವನ್ನು ಮತ್ತೆ ಎಲೆಯ ಮೇಲಿಟ್ಟುಕೊಂಡಳು.

ಸೀರೆಯ ಗಂಟುಗಳ ನಡುವೆ ಉದ್ದಪ್ಪ, ವೀರಪ್ಪ, ಕರೆಸಿದ್ದ ಶಿದ್ಲಿಂಗಪ್ಪ, ಇನ್ನೂ ಮೂರು ನಾಲ್ಕು ಅಂಗಡಿಯವರು ಕುಳಿತಿದ್ದರು. ಹೆಂಗಸು ಅವಳೊಬ್ಬಳೇ. ವೀರಪ್ಪ ತನ್ನ ನೋವನ್ನೆಲ್ಲ ತೋಡಿಕೊಂಡ: ಮಗಳಂತೆ ನೋಡಿಕೊಂಡೆ, ಉಡಿ ತುಂಬಿದೆ, ಆಕೆ ವಕೀಲರ ನೋಟಿಸು ಕೊಟ್ಟಳು. ಎಲ್ಲರೂ ಚ್ ಚ್ ಎಂದರು. ನೋಟಿಸಿಗೆ ಮುಂಚೆ ಅವನು ನೀರು ನಿಲ್ಲಿಸಿದ ಮಾತನ್ನು ಯಾರೂ ಎತ್ತಲಿಲ್ಲ. ಉದ್ದಪ್ಪ ಎರಡೂ ಕಡೆ ಕೇಳಿ, ಗಂಟಲು ಸರಿಮಾಡಿಕೊಂಡು, ಇಂಥ ಎಲ್ಲ ಖಟ್ಲೆಗಳಲ್ಲೂ ತಾನು ಕೊಡುವ ತೀರ್ಪನ್ನೇ ಕೊಟ್ಟ. ನೀನಷ್ಟು ಇಳಿ, ನೀನಷ್ಟು ಏರು, ನಡುವೆ ಹನ್ನೊಂದೂವರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಲ್ಲರೂ ತಲೆದೂಗಿದರು. ವೀರಪ್ಪ ನಿಟ್ಟುಸಿರು ಬಿಟ್ಟು, ಹಿರಿಯರು ಹೇಳಿದ ಮೇಲೆ ಆಗಲಿ ಎಂದ. ಅವನ ಕಣ್ಣು ಆಗಲೇ ನಗುತ್ತಿತ್ತು.

ಈಗ ಎಲ್ಲರ ಕಣ್ಣು ಕಸ್ತೂರಿಯ ಮೇಲೆ. ಇಲ್ಲ ಎಂದರೆ ಓಣಿಯ ಹಿರಿಯನ ಮಾತು ಮೀರಿದವಳಾಗುತ್ತಾಳೆ. ನಾಳೆ ಈ ಅಂಗಡಿಗಳಿಂದ ಒಬ್ಬನೂ ಊಟಕ್ಕೆ ಬರುವುದಿಲ್ಲ. ಹೂಂ ಎಂದರೆ ಆರು ತಿಂಗಳಿಗೆ ಮತ್ತೆ ಹದಿನಾಲ್ಕು, ಮತ್ತೆ ಇದೇ ಗಾದಿ.  ಆದರೆ ವಕೀಲರು ಬಾಗಿಲಲ್ಲಿ ನಿಂತು ಆಡಿದ ಕೊನೆಯ ಮಾತು ಕೆಲವು ದಿನಗಳಿಂದ ಅವಳ ಹೊಟ್ಟೆಯಲ್ಲಿ ಕುಳಿತಿತ್ತು. ಅದೇ ಈಗ ನಾಲಿಗೆಗೆ ಬಂತು.

"ಆತ್ರಿ, ಹನ್ನೊಂದೂವರಿ ಕೊಡತೇನಿ. ಆದ್ರ ಬರೀರಿ," ಎಂದಳು. "ಹೊಸಾ ಕಾಗದ, ಇವತ್ತಿನಿಂದ ಐದ ವರ್ಷಕ್ಕ. ನಡುವ ಹೆಚ್ಚಿಗಿ ಇಲ್ಲ ಅಂತ ಬರದು, ರಜಿಸ್ಟರ್ ಮಾಡಸ್ರಿ. ಮಾಂಸ ಬೇಯಿಸಬಾರದು ಅಂತ ಬರದಿದ್ರಿ. ನನ್ನ ಮಗನ ಹರಕಿ ಜಡಿ ಕೂದಲ ತಗಸೋ ದಿನಾ ಸೈತ ಕುರಿ ಬ್ಯಾರೆ ಕಡೆ ಬೇಯಿಸೇನ್ರಿ. ಬರದದ್ದು ಒಂದ ಸಾಲೂ ನಾ ಮೀರಿಲ್ಲ."

ಅವಳು ಇದನ್ನು ಜಾಣತನಕ್ಕೆ ಹೇಳಲಿಲ್ಲ. ವೀರಪ್ಪ ಹೂಂ ಎನ್ನಲಿ ಎಂದು ಮನಸ್ಸಿನಲ್ಲಿ ಕುಲದೇವರು ಮಾಳಿಂಗರಾಯನಿಗೆ ಹರಕೆ ಹೊತ್ತು ಕುಳಿತಿದ್ದಳು. ಹನ್ನೊಂದೂವರೆ ಭಾರವೇ, ಆದರೆ ಕುತ್ತಿಗೆಯವರೆಗೆ ದುಡಿದರೆ ಹೊರಬಹುದು. ಐದು ವರ್ಷ ಸಿಕ್ಕರೆ ಬ್ಯಾಂಕಿನ ಸಾಲ ತೀರುತ್ತದೆ, ಮಗಳ ಕಾಲೇಜು ಒಂದು ದಡ ಮುಟ್ಟುತ್ತದೆ. ಗೆಲುವು ಅವಳಿಗೆ ಬೇಕಿರಲಿಲ್ಲ. ನಾಳೆ ಎಲ್ಲಿ ಒಲೆ ಹಚ್ಚಬೇಕು ಎಂಬುದು ಗೊತ್ತಿದ್ದರೆ ಸಾಕಿತ್ತು.

ವೀರಪ್ಪನ ಮುಖ ಇಳಿಯಿತು. ಬಾಯಿಮಾತು ಸಾಲದೇನು, ಐದು ವರ್ಷಕ್ಕೆ ಬರೆದುಕೊಟ್ಟರೆ ತನ್ನ ಕೈ ಕಟ್ಟಿಹಾಕಿಕೊಂಡಂತೆ ಆಗುವುದಿಲ್ಲವೇ ಎಂದ. ಆಗ ಅಲ್ಲಿಯವರೆಗೆ ಅಡಿಕೆ ಅಗಿಯುತ್ತ ಕುಳಿತಿದ್ದ ಶಿದ್ಲಿಂಗಪ್ಪ ಬಾಯಿ ಬಿಟ್ಟ. ನಾನು ಆ ದಿನ ವರ್ಷಕ್ಕೆ ನೂರಕ್ಕೆ ಐದು ಎಂದು ಓದಿದ್ದೆ, ಬೇಡ ತೆಗೆಯಿರಿ ಎಂದವರು ನೀವೇ, ಎರಡು ಸಲ ಕೇಳಿದ್ದೆ ಎಂದ. ಆ ಸಾಲು ಇದ್ದಿದ್ದರೆ ಈ ಹೊತ್ತಿಗೆ ಹೆಚ್ಚಿಗೆ ತಾನಾಗಿ ಬರುತ್ತಿತ್ತು, ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ. ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ನಕ್ಕೂ ಬಿಟ್ಟ. ಉದ್ದಪ್ಪ ಕೂಡ ಮೀಸೆಯ ಮರೆಯಲ್ಲಿ ನಕ್ಕು, ಬರೆಯುತ್ತೀಯೋ ಇಲ್ಲವೋ ಹೇಳಪ್ಪ ಎಂದ.

ವೀರಪ್ಪ ಲೆಕ್ಕ ಹಾಕಿದ. ಮೊಬೈಲ್ ಅಂಗಡಿಯವನ ರೊಕ್ಕ ಒಂದು ಕಡೆ, ಐದು ವರ್ಷದ ಸಹಿ ಇನ್ನೊಂದು ಕಡೆ. 

"ಬರಿಯೂದಿಲ್ಲ," ಎಂದ ಅವನು ಕೊನೆಗೆ. "ಒಂಬತ್ತ ಕೊಡು."

ಉದ್ದಪ್ಪ, ಮುಗಿಯಿತಲ್ಲ, ಹೆಣ್ಣುಮಗಳು ಗೆದ್ದಳು ಎಂದು ಚಹಾ ತರಿಸಿದ. ಕಸ್ತೂರಿಗೆ ಬೇಕಾಗಿದ್ದ ಐದು ವರ್ಷ ಮಾತ್ರ ಸಿಕ್ಕಿರಲಿಲ್ಲ. ಆದರೂ ಎಲೆಯನ್ನು ಮುಂದೆ ಚಾಚಿದಳು. ವೀರಪ್ಪ ಎರಡು ತಿಂಗಳ ರೊಕ್ಕ ಎಣಿಸಿ ಜೇಬಿಗೆ ಇಟ್ಟ. ಅವಳು ಕೈ ಹಿಂದೆ ತೆಗೆಯಲಿಲ್ಲ.

"ಪಾವತಿ ಕೊಡ್ರಿ, ಕಾಕಾರ."

 ವೀರಪ್ಪ ಅವಳನ್ನು ನೋಡಿದ, ಚಾಚಿದ ಕೈಯನ್ನು ನೋಡಿದ. ಆಮೇಲೆ ಉದ್ದಪ್ಪನ ಪಾವತಿ ಪುಸ್ತಕ ಎಳೆದುಕೊಂಡು, ಬಾಗಿ, ನಿಧಾನವಾಗಿ ಬರೆಯತೊಡಗಿದ. ಇಂಥ ತಿಂಗಳ, ಇಂಥ ಅಂಗಡಿಯ ಬಾಡಿಗೆ ಮುಟ್ಟಿತು. ಶಿದ್ಲಿಂಗಪ್ಪ ಜೇಬಿನಿಂದ ರೆವಿನ್ಯೂ ಸ್ಟಾಂಪು ತೆಗೆದು ನೆಕ್ಕಿ ಅಂಟಿಸಿದ. ಸಹಿ ಹಾಕುವ ಮುಂಚೆ ವೀರಪ್ಪ ಪೆನ್ನು ಎತ್ತಿ, ಕರಾರಿನ ಕೊನೆಯ ದಿನ ಯಾವುದು ಎಂದು ಶಿದ್ಲಿಂಗಪ್ಪನನ್ನು ಕೇಳಿದ. ಅವನು ಹೇಳಿದ. ವೀರಪ್ಪ ಅದನ್ನೂ ಕೆಳಗೆ ಬರೆದ: ಈ ದಿನ ಅಂಗಡಿ ಖಾಲಿ ಮಾಡಿ ಕೊಡತಕ್ಕದ್ದು. ಆ ಸಾಲಿನ ಕೆಳಗೆ ಗೆರೆ ಎಳೆದ. ಆಮೇಲೆ ಸ್ಟಾಂಪಿನ ಮೇಲೆ ಸಹಿ ಹಾಕಿ ಹಾಳೆ ಹರಿದು ಅವಳ ಕೈಗಿಟ್ಟ.

"ನೀನ ಕಲಿಸಿದಿ ತಂಗಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೆಲ್ಲವೂ ಇರಲಿಲ್ಲ. "ಇನ್ನ ಮ್ಯಾಲ ಎಲ್ಲಾ ಬರದ ಇಡತೇನಿ."

ಕಸ್ತೂರಿ ಖಾನಾವಳಿಗೆ ಬಂದಾಗ ಸಾತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಏನಾಯಿತು ಎಂದು ಕೇಳಿದಳು. ಗೆದ್ದೆ ಎಂದಳು ಕಸ್ತೂರಿ. ಸಾತವ್ವ ಎರಡೂ ಕೈ ಎತ್ತಿ ದೇವರಿಗೆ ಮುಗಿದು, ಸುದ್ದಿ ಹೇಳಲು ಹೊರಗೆ ಹೋದಳು. ಹೊರಗೆ ಊಟಕ್ಕೆ ಕುಳಿತವರು, ಭಲೆ ಕಸ್ತೂರಿಯಕ್ಕ, ವಕೀಲರಿಗೇ ನೀ ಪಾಠ ಹೇಳಬೇಕು ಎಂದು ಒಳಗೆ ಕೇಳುವ ಹಾಗೆ ಹೇಳಿದರು. ಅವಳು ಪಾವತಿಯನ್ನು ಮಡಚಿ ಕರಾರಿನ ಸಂಗಡ ಟ್ರಂಕಿನಲ್ಲಿಟ್ಟಳು.

ಹಿಂದಿನ ಕೋಣೆಯಲ್ಲಿ ಗೌಂಡಿ ನಾಲ್ಕನೆಯ ಒಲೆಯ ಬಿರುಕು ಬಿಟ್ಟ ಇಟ್ಟಿಗೆಗಳನ್ನು ಕಿತ್ತು ಒಂದು ಕಡೆ ಒಟ್ಟಿ, ಮುಂದೇನು ಎಂದು ಕಾಯುತ್ತಿದ್ದ. ಉಳಿದ ಮೂರು ಒಲೆಗಳಿಗೆ ಹಾಕಿದಂತೆ ಇದಕ್ಕೂ ಪಕ್ಕಾ ಇಟ್ಟಿಗೆ, ಕಬ್ಬಿಣದ ಪಟ್ಟಿ ತರಿಸಬೇಕೋ, ಅಥವಾ ಹೇಗೆ ಎಂದು ಕೇಳಿದ. ಪಕ್ಕಾ ಕಟ್ಟಿದರೆ ಹತ್ತು ವರ್ಷ ಅಲುಗುವುದಿಲ್ಲ ಎಂದೂ ಹೇಳಿದ.

ಕಸ್ತೂರಿ ಉರಿಯುತ್ತಿದ್ದ ಮೂರು ಒಲೆಗಳನ್ನು, ಮಾಳಿಗೆಯತ್ತ ಏರಿಹೋದ ತಗಡಿನ ಕೊಳವೆಯನ್ನು ನೋಡುತ್ತ ನಿಂತಳು.

"ಮಣ್ಣಾಗ ಕಟ್ಟಪ್ಪಾ," ಎಂದಳು. "ಒಂದ ವರ್ಷ ಎಂಟ ತಿಂಗಳ ಬಂದ್ರ ಸಾಕು."